ಕಣಗಿಲೆಯ ವಿಷವೂ ಜೀವಕೋಶದ ಕಪಿಲೆಯೂ

1

ಕೃಷ್ಣಾ ಭೀಮಾ ನದಿಗಳ ನಡುವೆ ಹರಡಿಕೊಂಡಿರುವ ಸಗರನಾಡಿನಲ್ಲಿ, ಅಂದರೆ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ಸುರಪುರಗಳ ಸೀಮೆಯಲ್ಲಿ, ಬೇಸಗೆಯ ಉರಿಯಲ್ಲಿಯೂ ಹಸುರಾಗಿ ನಿಲ್ಲುವ ಗಿಡಗಳಲ್ಲಿ ಎಕ್ಕ ಒಂದು, ಕಣಗಿಲೆ ಇನ್ನೊಂದು. ಎಕ್ಕವು ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುತ್ತದೆ. ಕಣಗಿಲೆಯನ್ನು ಜನರು ದೇವರ ಪೂಜೆಯ ಹೂವಿಗಾಗಿ ನೆಟ್ಟು ಬೆಳೆಸುತ್ತಾರೆ. ಎರಡನ್ನೂ ದನಕುರಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಡಿದುಹಾಕಿದ ಕಣಗಿಲೆಯ ಎಲೆ ಒಣಗಿ ಮೇವಿನೊಡನೆ ಬೆರೆತರೆ ಮಾತ್ರ ದನವು ಅರಿಯದೆ ತಿನ್ನುತ್ತದೆ. ಆಗ ಅದರ ಹೃದಯದ ಬಡಿತ ತಾಳ ತಪ್ಪುತ್ತದೆ, ಹಲವು ವೇಳೆ ಅದು ಸಾಯುತ್ತದೆ. ಸಂಸ್ಕೃತದಲ್ಲಿ ಕರವೀರವೆಂದು ಹೆಸರಾದ ಈ ಗಿಡಕ್ಕೂ ಸಾವಿಗೂ ಇರುವ ನಂಟು ಬಹಳ ಹಳೆಯದು. ಮೃಚ್ಛಕಟಿಕ ನಾಟಕದಲ್ಲಿ ವಧ್ಯಸ್ಥಾನಕ್ಕೆ ನಡೆಯುವ ಚಾರುದತ್ತನ ಕೊರಳಿಗೆ ಹಾಕುವುದು ಕರವೀರದ ಮಾಲೆಯನ್ನೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಇಂದು ನಮ್ಮ ಊರುಗಳಲ್ಲಿ ಹಳದಿ ಹೂವಿನ ಕಣಗಿಲೆ ಎಂದು ಕರೆಯಲ್ಪಡುವ ಗಿಡವು ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದದ್ದು. ಆದುದರಿಂದ ಪ್ರಾಚೀನ ಗ್ರಂಥಗಳ ಕರವೀರವನ್ನು ಓದುವಾಗ ಕೆಂಪು ಅಥವಾ ಬಿಳಿಯ ಹೂವಿನ ಕಣಗಿಲೆಯನ್ನೇ ಅರ್ಥಮಾಡಿಕೊಳ್ಳಬೇಕು. ಆದರೆ ವಿಷದ ವಿಚಾರದಲ್ಲಿ ಇವೆರಡಕ್ಕೂ, ಎಕ್ಕಕ್ಕೂ ಭೇದವಿಲ್ಲವೆಂದೇ ಹೇಳಬಹುದು. ಸಸ್ಯಶಾಸ್ತ್ರಜ್ಞರು ಈಗ ಈ ಮೂರನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಇವುಗಳ ವಿಷವಸ್ತುಗಳೂ ಒಂದೇ ಜಾತಿಯವು. ಅವು ದೇಹದಲ್ಲಿ ಹಿಡಿಯುವ ಸ್ಥಾನವೂ ಒಂದೇ. ಆ ಸ್ಥಾನವೆಂದರೆ ಪ್ರತಿಯೊಂದು ಜೀವಕೋಶದ ಪೊರೆಯಲ್ಲಿಯೂ ಇರುವ ಸೋಡಿಯಂ-ಪೊಟ್ಯಾಸಿಯಂ ಪಂಪು.

ಈ ಪಂಪಿನ ಶೋಧದ ಚರಿತ್ರೆಯನ್ನು ಪರಿಶೀಲಿಸಿದರೆ, ಅದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದನ್ನೊಂದು ಸಂಧಿಸದೆ ನಡೆದದ್ದು ಕಂಡುಬರುತ್ತದೆ. ಸುಮ್ಮನಿರುವ ಕೋಶದ ಒಳಗೂ ಹೊರಗೂ ಇರುವ ವಿದ್ಯುತ್ತಿನ ಅಂತರ ಎಲ್ಲಿಂದ ಬರುತ್ತದೆ ಎಂಬುದು ಮೊದಲನೆಯ ಪ್ರಶ್ನೆ. ಆ ಅಂತರಕ್ಕೆ ಆಧಾರವಾದ ಲವಣಗಳ ಭೇದವನ್ನು ಕಾಪಾಡುವವರು ಯಾರು ಎಂಬುದು ಎರಡನೆಯದು. ನಮ್ಮ ಪಾಠಪುಸ್ತಕಗಳಲ್ಲಿ ಇವೆರಡೂ ಕಲಸಿಹೋಗಿ, ‘ಪಂಪು ಈ ವಿದ್ಯುತ್ತನ್ನು ಉಂಟುಮಾಡುತ್ತದೆ’ ಎಂಬ ಒಂದೇ ವಾಕ್ಯವಾಗಿ ಪರಿಣಮಿಸಿವೆ. ಈ ವಾಕ್ಯ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಲೆಕ್ಕದಿಂದಲೂ ಚರಿತ್ರೆಯಿಂದಲೂ ನಿರ್ಣಯಿಸುವುದೇ ಈ ಲೇಖನದ ಉದ್ದೇಶ.

2

ಮೊದಲನೆಯ ಪ್ರಶ್ನೆಗೆ ಬೇಕಾದ ಗಣಿತವು ಜೀವಶಾಸ್ತ್ರದಿಂದ ಬಂದದ್ದಲ್ಲ. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1888-89ರಲ್ಲಿ ಲವಣದ ದ್ರಾವಣಗಳನ್ನೂ ವಿದ್ಯುತ್‌ಕೋಶಗಳನ್ನೂ ಅಭ್ಯಾಸಮಾಡುತ್ತ ಆ ಸೂತ್ರವನ್ನು ಕಂಡುಕೊಂಡನು. ಅದರ ತಾತ್ಪರ್ಯವನ್ನು ಒಂದು ಮಾದರಿ ಕೋಶದ ಮೂಲಕ ವಿವರಿಸುವೆವು. ಮನುಷ್ಯನ ಹೃದಯದ ಸ್ನಾಯುಕೋಶವನ್ನು ಹೋಲುವ ಈ ಕೋಶವನ್ನೇ ಕೊನೆಯವರೆಗೂ ಲೆಕ್ಕಕ್ಕೆ ಹಿಡಿಯೋಣ.

ಈ ಕೋಶದ ಒಳಗಿನ ದ್ರವದಲ್ಲಿ ಲೀಟರಿಗೆ 140 ಮಿಲಿಮೋಲ್ ಪೊಟ್ಯಾಸಿಯಂ, 15 ಮಿಲಿಮೋಲ್ ಸೋಡಿಯಂ ಇವೆ. ಹೊರಗಿನ ದ್ರವದಲ್ಲಿ ಇದಕ್ಕೆ ವಿಪರೀತ: ಪೊಟ್ಯಾಸಿಯಂ 4, ಸೋಡಿಯಂ 145. ನಡುವಣ ಪೊರೆಯು ಪೊಟ್ಯಾಸಿಯಂ ಅಯಾನುಗಳಿಗೆ ಮಾತ್ರ ದಾರಿ ಕೊಡುತ್ತದೆಂದು ಸದ್ಯಕ್ಕೆ ಭಾವಿಸೋಣ. ಒಳಗೆ ಪೊಟ್ಯಾಸಿಯಂ ದಟ್ಟವಾಗಿದೆ, ಹೊರಗೆ ವಿರಳವಾಗಿದೆ. ಆದುದರಿಂದ ಅದು ಹೊರಕ್ಕೆ ಹರಿಯಲು ತೊಡಗುತ್ತದೆ. ಆದರೆ ಪ್ರತಿಯೊಂದು ಅಯಾನೂ ತನ್ನೊಡನೆ ಒಂದು ಧನಾವೇಶವನ್ನು ಒಯ್ಯುತ್ತದೆ. ಕೆಲವು ಅಯಾನುಗಳು ಹೊರಬಿದ್ದೊಡನೆ ಒಳಗು ಋಣವಾಗುತ್ತದೆ. ಆ ಋಣಾವೇಶವು ಉಳಿದ ಧನ ಅಯಾನುಗಳನ್ನು ಒಳಕ್ಕೆ ಸೆಳೆಯುತ್ತದೆ. ದಟ್ಟಣೆಯ ತಳ್ಳಾಟವೂ ವಿದ್ಯುತ್ತಿನ ಸೆಳೆತವೂ ಸಮನಾದಾಗ ನಿವ್ವಳ ಹರಿವು ನಿಲ್ಲುತ್ತದೆ. ಈ ಎರಡು ಬಲಗಳನ್ನೂ ಕೂಡಿಸಿ ನೋಡುವುದನ್ನೇ ವಿದ್ಯುದ್ರಾಸಾಯನಿಕ ಪ್ರವಣತೆ ಎನ್ನುವರು. ಸಮತೋಲವು ಯಾವ ವಿಭವದಲ್ಲಿ ಉಂಟಾಗುವುದೆಂಬುದನ್ನು ನೆರ್ನ್‌ಸ್ಟನ ಸೂತ್ರ ತಿಳಿಸುತ್ತದೆ. ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಧನಾವೇಶವುಳ್ಳ ಅಯಾನಿಗೆ, ಮಿಲಿವೋಲ್ಟ್‌ಗಳಲ್ಲಿ ಅದು ಹೀಗಿದೆ:

E = 61.5 × log10 (ಹೊರಗಿನ ಸಾರತೆ ÷ ಒಳಗಿನ ಸಾರತೆ)

ಪೊಟ್ಯಾಸಿಯಂಗೆ: 61.5 × log10 (4 ÷ 140) = −95

ಸೋಡಿಯಂಗೆ: 61.5 × log10 (145 ÷ 15) = +61

ಪೊರೆಯು ಪೊಟ್ಯಾಸಿಯಂಗೆ ಮಾತ್ರ ತೆರೆದಿದ್ದರೆ ಒಳಗು ಹೊರಗಿಗಿಂತ 95 ಮಿಲಿವೋಲ್ಟ್ ಕೆಳಗೆ ನಿಲ್ಲುವುದು. ಸೋಡಿಯಂಗೆ ಮಾತ್ರ ತೆರೆದಿದ್ದರೆ 61 ಮಿಲಿವೋಲ್ಟ್ ಮೇಲೆ ನಿಲ್ಲುವುದು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಭಾಗಾಹಾರವನ್ನು ತಲೆಕೆಳಗಾಗಿ ಬರೆಯುವುದು. ಉತ್ತರ ಸರಿಯೇ ಎಂದು ತಿಳಿಯಲು ಸೂತ್ರವನ್ನು ಮತ್ತೆ ನೋಡಬೇಕಾಗಿಲ್ಲ. ದಟ್ಟವಾಗಿರುವ ಧನ ಅಯಾನು ಯಾವ ಕಡೆಯಿಂದ ಹೊರಡುವುದೋ ಆ ಕಡೆ ಋಣವಾಗಿರಲೇಬೇಕು. ಕ್ಲೋರೈಡ್ ಋಣ ಅಯಾನಾದುದರಿಂದ ಅದರ ಚಿಹ್ನೆ ಮಾತ್ರ ತಿರುವುಮುರುವಾಗುತ್ತದೆ.

ಈ ಸೂತ್ರವನ್ನು ಜೀವಕೋಶಕ್ಕೆ ಅನ್ವಯಿಸಿದವನು ಯೂಲಿಯುಸ್ ಬರ್ನ್‌ಷ್ಟೈನ್. 1902ರಲ್ಲಿ ಅವನು ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಸುಮ್ಮನಿರುವ ನರದ ಮತ್ತು ಸ್ನಾಯುವಿನ ಪೊರೆ ಪೊಟ್ಯಾಸಿಯಂಗೆ ಮಾತ್ರ ತೆರೆದಿರುತ್ತದೆ; ವಿಶ್ರಾಂತ ವಿಭವವೆಂಬುದು ಪೊಟ್ಯಾಸಿಯಂನ ನೆರ್ನ್‌ಸ್ಟ್ ವಿಭವವೇ. ಅವನಿಗೆ ಕೋಶದ ಒಳಗೆ ತಂತಿಯನ್ನಿಟ್ಟು ಅಳೆಯುವ ಉಪಾಯವಿರಲಿಲ್ಲ. ಆದರೂ ಅವನು ಒಂದು ಪರೋಕ್ಷ ಪ್ರಮಾಣವನ್ನು ಒದಗಿಸಿದನು. ಸೂತ್ರದಲ್ಲಿರುವ 61.5 ಎಂಬ ಸಂಖ್ಯೆ ನಿರಪೇಕ್ಷ ಉಷ್ಣತೆಯೊಡನೆ ಅದೇ ಪ್ರಮಾಣದಲ್ಲಿ ಏರಿಳಿಯಬೇಕು. ಕಪ್ಪೆಯ ಸ್ನಾಯುವನ್ನು ತಂಪುಮಾಡಿಯೂ ಬೆಚ್ಚಗೆ ಮಾಡಿಯೂ ನೋಡಿದಾಗ ವಿಭವವು ಹೆಚ್ಚುಕಡಿಮೆ ಹಾಗೆಯೇ ಏರಿಳಿಯಿತು. ಇಲ್ಲಿ ಪಂಪಿನ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಲವಣಗಳ ಭೇದವಿದೆ, ಆಯ್ದು ಬಿಡುವ ಪೊರೆಯಿದೆ. ವಿದ್ಯುತ್ತಿಗೆ ಇಷ್ಟು ಸಾಕು.

3

ಬರ್ನ್‌ಷ್ಟೈನನ ಸಿದ್ಧಾಂತ ಸರಿಯೇ ಎಂಬುದನ್ನು ನೇರವಾಗಿ ಅಳೆದು ನೋಡಲು ದಪ್ಪನಾದ ನರತಂತು ಬೇಕಾಗಿತ್ತು. ಸ್ಕ್ವಿಡ್ ಎಂಬ ಕಡಲಜೀವಿಯಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ನರತಂತು ಇದೆಯೆಂಬುದನ್ನು ಜೆ. ಝಡ್. ಯಂಗ್ 1936ರಲ್ಲಿ ಶರೀರಶಾಸ್ತ್ರಜ್ಞರ ಗಮನಕ್ಕೆ ತಂದನು. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಬ್ಬರು ತರುಣರು ಆ ತಂತುವಿನೊಳಕ್ಕೆ ಗಾಜಿನ ಸಣ್ಣ ಕೊಳವೆಯನ್ನು ಇಳಿಸಿ ವಿಭವವನ್ನು ಅಳೆದರು. ಒಳಗು ಋಣವಾಗಿದ್ದುದು ನಿಜ. ಆದರೆ ನರದಲ್ಲಿ ಸಂದೇಶ ಹಾಯುವ ಕ್ಷಣದಲ್ಲಿ ಒಳಗು ಸೊನ್ನೆಗೆ ಬಂದು ನಿಲ್ಲದೆ ಧನದ ಕಡೆಗೆ ದಾಟಿತು. ಪೊರೆಯ ಆಯ್ಕೆ ಆ ಕ್ಷಣದಲ್ಲಿ ಅಳಿಸಿಹೋಗುತ್ತದೆ ಎಂದಿದ್ದ ಬರ್ನ್‌ಷ್ಟೈನನ ಮಾತಿಗೆ ಇದು ಹೊಂದಲಿಲ್ಲ. ಕೆಲವೇ ವಾರಗಳಲ್ಲಿ ಮಹಾಯುದ್ಧ ಆರಂಭವಾಗಿ ಕೆಲಸ ನಿಂತುಹೋಯಿತು.

ಸೋಡಿಯಂಗೂ ಪೊರೆಯಲ್ಲಿ ದಾರಿಯಿದೆ ಎಂದು ಒಪ್ಪಿದರೆ ಈ ಅಡಚಣೆ ಪರಿಹಾರವಾಗುತ್ತದೆ. ಹಾಗೆ ಒಪ್ಪಿದಾಗ ಲೆಕ್ಕ ಹಾಕುವ ಬಗೆಯನ್ನು ಅಮೆರಿಕದ ಡೇವಿಡ್ ಗೋಲ್ಡ್‌ಮನ್ 1943ರಲ್ಲಿ ತೋರಿಸಿದನು. 1949ರಲ್ಲಿ ಹಾಡ್ಜ್‌ಕಿನ್ ಮತ್ತು ಕಾಟ್ಸ್ ಅದನ್ನು ಸ್ಕ್ವಿಡ್‌ನ ನರಕ್ಕೆ ಅನ್ವಯಿಸಿದರು. ಸಾರತೆಗಳನ್ನು ಹಾಗೆಯೇ ಕೂಡಿಸುವುದಿಲ್ಲ. ಪ್ರತಿಯೊಂದು ಅಯಾನಿಗೂ ಪೊರೆಯಲ್ಲಿ ಎಷ್ಟು ಸಲೀಸಾದ ದಾರಿಯಿದೆಯೋ ಅಷ್ಟರಿಂದ ಗುಣಿಸಿ ಕೂಡಿಸಬೇಕು. ನಮ್ಮ ಮಾದರಿ ಕೋಶದಲ್ಲಿ ಪೊಟ್ಯಾಸಿಯಂನ ದಾರಿಯನ್ನು 1 ಎಂದಿಟ್ಟರೆ ಸೋಡಿಯಂನ ದಾರಿ 0.01 ಎಂದು ಹಿಡಿಯೋಣ. ಸ್ನಾಯುಕೋಶಗಳಲ್ಲಿ ಕ್ಲೋರೈಡ್ ಬಹುಮಟ್ಟಿಗೆ ವಿಭವಕ್ಕೆ ಹೊಂದಿಕೊಂಡು ತಾನಾಗಿ ಹಂಚಿಕೊಳ್ಳುವುದರಿಂದ ಅದನ್ನು ಬಿಡಬಹುದು.

ಹೊರಗು: 4 + 0.01 × 145 = 5.45

ಒಳಗು: 140 + 0.01 × 15 = 140.15

V = 61.5 × log10 (5.45 ÷ 140.15) = −87

ಸೋಡಿಯಂನ ದಾರಿ ನೂರರಲ್ಲಿ ಒಂದು ಪಾಲಾಗಿದ್ದರೂ, ಹೊರಗೆ ಅದು ಹೇರಳವಾಗಿರುವುದರಿಂದ ವಿಭವವು −95ರಿಂದ −87ಕ್ಕೆ ಸರಿಯಿತು. ಆರೋಗ್ಯವಂತ ಹೃದಯಸ್ನಾಯುವಿನಲ್ಲಿ ಅಳೆದಾಗ ದೊರೆಯುವ ವಿಭವವೂ ಇದರ ಆಸುಪಾಸಿನಲ್ಲಿಯೇ ಇದೆ.

ಈ 8 ಮಿಲಿವೋಲ್ಟ್‌ಗಳ ವ್ಯತ್ಯಾಸದಲ್ಲಿಯೇ ಮುಂದಿನ ಕಥೆಯ ಬೀಜವಿದೆ. −87ರಲ್ಲಿ ನಿಂತಿರುವ ಕೋಶದಲ್ಲಿ ಯಾವ ಅಯಾನೂ ಸಮತೋಲದಲ್ಲಿಲ್ಲ. ಪೊಟ್ಯಾಸಿಯಂಗೆ −95 ಬೇಕಾಗಿತ್ತು; ಅದು ಸಿಕ್ಕಲಿಲ್ಲವಾದುದರಿಂದ 8 ಮಿಲಿವೋಲ್ಟ್‌ನಷ್ಟು ಬಲ ಅದನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಸೋಡಿಯಂನ ಸ್ಥಿತಿ ಇನ್ನೂ ತೀವ್ರವಾದದ್ದು. ದಟ್ಟಣೆಯ ಬಲ 61, ವಿದ್ಯುತ್ತಿನ ಬಲ 87, ಎರಡೂ ಒಂದೇ ದಿಕ್ಕಿಗೆ. ಒಟ್ಟು 148 ಮಿಲಿವೋಲ್ಟ್ ಅದನ್ನು ಒಳಕ್ಕೆ ನೂಕುತ್ತಿರುತ್ತದೆ. ದಾರಿ ಕಿರಿದಾದರೂ ಸೋಡಿಯಂ ಒಳಕ್ಕೆ ಸೋರುತ್ತಲೇ ಇದೆ, ಪೊಟ್ಯಾಸಿಯಂ ಹೊರಕ್ಕೆ ಸೋರುತ್ತಲೇ ಇದೆ. ಹೀಗೆಯೇ ಬಿಟ್ಟರೆ ಎರಡು ಕಡೆಯ ಭೇದವೂ ಅಳಿಸಿಹೋಗಬೇಕು. ಭೇದ ಅಳಿದ ಮೇಲೆ ವಿಭವಕ್ಕೂ ನೆಲೆಯಿಲ್ಲ. ಆದರೆ ಬದುಕಿರುವ ಕೋಶದಲ್ಲಿ ಅದು ಅಳಿಸಿಹೋಗುವುದಿಲ್ಲ.

4

ಇದೇ ಎರಡನೆಯ ಪ್ರಶ್ನೆ. ಇದನ್ನು ಮೊದಲು ಸ್ಪಷ್ಟವಾಗಿ ಕೇಳಿದವನು ಅರ್ನೆಸ್ಟ್ ಓವರ್‌ಟನ್. ಅದೂ ಬರ್ನ್‌ಷ್ಟೈನನ ಪ್ರಬಂಧ ಹೊರಬಂದ 1902ರಲ್ಲಿಯೇ. ಸೋಡಿಯಂ ಇಲ್ಲದ ಸಕ್ಕರೆಯ ದ್ರಾವಣದಲ್ಲಿ ಕಪ್ಪೆಯ ಸ್ನಾಯುವನ್ನು ಇಟ್ಟರೆ ಅದು ಪ್ರಚೋದನೆಗೆ ಓಗೊಡುವುದಿಲ್ಲವೆಂಬುದನ್ನು ಅವನು ಕಂಡನು. ಸ್ನಾಯು ಸಂಕೋಚಿಸುವಾಗಲೆಲ್ಲ ಹೊರಗಿನ ಸೋಡಿಯಂ ಒಳಗಿನ ಪೊಟ್ಯಾಸಿಯಂನೊಡನೆ ವಿನಿಮಯವಾಗುತ್ತದೆಯೇ ಎಂದು ಅವನಿಗೆ ಸಂಶಯ ಬಂದಿತು. ಹಾಗಿದ್ದರೆ ಎಪ್ಪತ್ತು ವರ್ಷ ಎಡೆಬಿಡದೆ ಬಡಿದ ಮುದುಕನ ಹೃದಯದಲ್ಲಿ ಪೊಟ್ಯಾಸಿಯಂ ಬತ್ತಿ ಸೋಡಿಯಂ ತುಂಬಿರಬೇಕಾಗಿತ್ತು. ಹಾಗೆ ಆಗಿಲ್ಲವಾದುದರಿಂದ ಈ ವಿನಿಮಯವನ್ನು ಹಿಂದಕ್ಕೆ ತಿರುಗಿಸುವ ಏನೋ ಒಂದು ಏರ್ಪಾಡು ಇರಬೇಕೆಂದು ಅವನು ತರ್ಕಿಸಿದನು. ಒಂದೇ ವರ್ಷದಲ್ಲಿ ಎರಡು ಪ್ರಶ್ನೆಗಳೂ ಅಚ್ಚಾದವು. ಆದರೆ ಬರ್ನ್‌ಷ್ಟೈನನ ಉತ್ತರ ಪ್ರಸಿದ್ಧವಾಯಿತು, ಓವರ್‌ಟನ್ನನ ಪ್ರಶ್ನೆ ಮರೆತುಹೋಯಿತು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸುಮ್ಮನಿರುವ ಪೊರೆಯಲ್ಲಿ ಸೋಡಿಯಂಗೆ ದಾರಿಯೇ ಇಲ್ಲವೆಂದು ನಂಬಿದವರಿಗೆ, ಒಳಬಂದ ಸೋಡಿಯಂನ್ನು ಹೊರಹಾಕುವವರು ಯಾರೆಂಬ ಚಿಂತೆ ಹುಟ್ಟುವುದಿಲ್ಲ.

ಆ ನಂಬಿಕೆಯನ್ನು ಸಡಿಲಿಸಿದವುಗಳಲ್ಲಿ ರಕ್ತನಿಧಿಗಳ ಅನುಭವವೂ ಒಂದು. ತಂಪಿನಲ್ಲಿ ಕೂಡಿಟ್ಟ ರಕ್ತದ ಕೆಂಪು ಕಣಗಳು ದಿನ ಕಳೆದಂತೆ ಪೊಟ್ಯಾಸಿಯಂನ್ನು ಕಳೆದುಕೊಂಡು ಸೋಡಿಯಂನ್ನು ತುಂಬಿಕೊಳ್ಳುತ್ತವೆ. 1941ರಲ್ಲಿ ಜಾನ್ ಹ್ಯಾರಿಸ್ ಎಂಬಾತನು ಅಂತಹ ಕಣಗಳನ್ನು ಬೆಚ್ಚಗೆ ಮಾಡಿದನು. ಗ್ಲೂಕೋಸ್ ಆಹಾರ ದೊರೆತಾಗ ಅವು ಕಳೆದುಕೊಂಡ ಪೊಟ್ಯಾಸಿಯಂನ್ನು ಮತ್ತೆ ಒಳಕ್ಕೆಳೆದುಕೊಂಡವು. ವಿರಳವಾದ ಕಡೆಯಿಂದ ದಟ್ಟವಾದ ಕಡೆಗೆ, ಇಳಿಜಾರಿಗೆ ಎದುರಾಗಿ, ಅದೂ ಉಣಿಸು ಸಿಕ್ಕಾಗ ಮಾತ್ರ ನಡೆಯುವ ಈ ಚಲನೆ ಸೋರಿಕೆಯಾಗಿರಲಾರದು. ಅದೇ ವರ್ಷ ಆರ್. ಬಿ. ಡೀನ್ ಎಂಬಾತನು ಸ್ನಾಯುವಿನ ವಿಚಾರದಲ್ಲಿ ಇದಕ್ಕೆ ‘ಪಂಪು’ ಎಂಬ ಮಾತನ್ನು ಬಳಸಿದನು.

ಸಗರನಾಡಿನ ಹಳೆಯ ತೋಟದ ಬಾವಿಗಳನ್ನು ಬಲ್ಲವರಿಗೆ ಈ ಮಾತನ್ನು ಕಪಿಲೆಯೆಂದು ವಿವರಿಸಿದರೆ ಹೆಚ್ಚು ಸುಲಭವಾದೀತು. ಎತ್ತುಗಳು ಹಗ್ಗವನ್ನೆಳೆದು ಇಳಿಜಾರಿನಲ್ಲಿ ನಡೆದಾಗ ತೊಗಲಿನ ಚೀಲ ಬಾವಿಯಿಂದ ಮೇಲೆ ಬರುತ್ತದೆ. ಮೇಲಿನ ತೊಟ್ಟಿಯಲ್ಲಿ ನೀರು ನಿಲ್ಲುತ್ತದೆ. ತೊಟ್ಟಿಯ ಬಿರುಕಿನಿಂದ ನೀರು ಬಾವಿಗೆ ಮರಳಿ ಸೋರುತ್ತಲೂ ಇರುತ್ತದೆ. ತೊಟ್ಟಿಯ ನೀರಿನ ಎತ್ತರವನ್ನು ಕಾಪಾಡುವುದು ಕಪಿಲೆ. ಆದರೆ ಕಾಲುವೆಯಲ್ಲಿ ಹರಿಯುವ ನೀರಿಗೆ ಒತ್ತಡ ಬರುವುದು ಆ ಎತ್ತರದಿಂದ, ಎತ್ತುಗಳ ನಡಿಗೆಯಿಂದಲ್ಲ. ಎತ್ತುಗಳನ್ನು ಬಿಚ್ಚಿದ ಗಳಿಗೆಯಲ್ಲಿಯೇ ಕಾಲುವೆ ಬತ್ತುವುದಿಲ್ಲ. ಈ ಹೋಲಿಕೆ ಇಷ್ಟಕ್ಕೇ ಸಲ್ಲುತ್ತದೆ. ಕೋಶದ ಕಪಿಲೆ ಒಂದೇ ಎಳೆತದಲ್ಲಿ ಒಂದನ್ನು ಹೊರಹಾಕಿ ಇನ್ನೊಂದನ್ನು ಒಳತರುತ್ತದೆ. ಅದಕ್ಕೆ ನಮ್ಮ ಬಾವಿಗಳಲ್ಲಿ ಸಾಟಿಯಿಲ್ಲ.

ಎತ್ತುಗಳನ್ನು ಬಿಚ್ಚಿ ನೋಡುವ ಪ್ರಯೋಗವನ್ನು 1955ರಲ್ಲಿ ಹಾಡ್ಜ್‌ಕಿನ್ ಮತ್ತು ಕೀನ್ಸ್ ಪ್ರಕಟಿಸಿದರು. ವಿಕಿರಣಶೀಲ ಸೋಡಿಯಂನ್ನು ನರತಂತುವಿನಲ್ಲಿ ತುಂಬಿ ಅದು ಹೊರಬರುವ ವೇಗವನ್ನು ಅಳೆದರು. ಕೋಶದ ಶಕ್ತಿಯ ಉತ್ಪಾದನೆಯನ್ನು ತಡೆಯುವ ಡೈನೈಟ್ರೊಫೀನಾಲ್ ಹಾಕಿದಾಗ ಸೋಡಿಯಂನ ಹೊರಹೋಕು ಬಹುತೇಕ ನಿಂತಿತು. ವಿಷವನ್ನು ತೊಳೆದಾಗ ಮತ್ತೆ ಆರಂಭವಾಯಿತು. ಹೊರಗಿನ ಪೊಟ್ಯಾಸಿಯಂನ್ನು ತೆಗೆದಾಗಲೂ ಅದು ಕುಂದಿತು. ಇದರಿಂದ ಸೋಡಿಯಂ ಹೊರಹೋಗುವುದಕ್ಕೂ ಪೊಟ್ಯಾಸಿಯಂ ಒಳಬರುವುದಕ್ಕೂ ಒಂದೇ ಹಗ್ಗ ಕಟ್ಟಿದೆಯೆಂದು ತಿಳಿಯಿತು. ನಮ್ಮ ದೃಷ್ಟಿಯಿಂದ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಪಂಪು ಹೀಗೆ ನಿಂತಾಗಲೂ ಆ ನರವು ಬಹಳ ಹೊತ್ತು ಎಂದಿನಂತೆ ಸಂದೇಶಗಳನ್ನು ಒಯ್ಯುತ್ತಿತ್ತು. ‘ಪಂಪು ವಿದ್ಯುತ್ತನ್ನು ಉಂಟುಮಾಡುತ್ತದೆ’ ಎಂಬ ವಾಕ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

5

ಕಣಗಿಲೆಯ ಕುಲ ಈ ಚರಿತ್ರೆಯೊಳಕ್ಕೆ ಪ್ರವೇಶಿಸುವುದು 1953ರಲ್ಲಿ. ಸ್ವಿಟ್ಜರ್ಲೆಂಡಿನ ಷಾಟ್ಸ್‌ಮನ್ ತಂಪಿನಲ್ಲಿಟ್ಟ ಕೆಂಪು ಕಣಗಳ ಮೇಲೆ ಸ್ಟ್ರೊಫ್ಯಾಂಥಿನ್ ಎಂಬ ಹೃದಯದ ಔಷಧವನ್ನು ಪ್ರಯೋಗಿಸಿದನು. ಅದು ಆಫ್ರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ, ಕಣಗಿಲೆಯ ಕುಟುಂಬಕ್ಕೇ ಸೇರಿದ ಗಿಡಗಳಿಂದ ದೊರೆಯುವ ವಸ್ತು. ಬೆಚ್ಚಗೆ ಮಾಡಿ ಗ್ಲೂಕೋಸ್ ಕೊಟ್ಟರೂ ಆ ಕಣಗಳು ಪೊಟ್ಯಾಸಿಯಂನ್ನು ಹಿಂದಕ್ಕೆ ಪಡೆಯಲಾರದೆ ಹೋದವು; ಆದರೆ ಅವುಗಳ ಗ್ಲೂಕೋಸ್ ಬಳಕೆಗೆ ಧಕ್ಕೆ ಬಂದಿರಲಿಲ್ಲ. ಡೈನೈಟ್ರೊಫೀನಾಲ್ ಎತ್ತುಗಳ ಮೇವನ್ನು ಕಸಿದುಕೊಂಡರೆ, ಈ ವಿಷ ಕಪಿಲೆಯ ಗಾಲಿಯನ್ನೇ ಹಿಡಿದು ನಿಲ್ಲಿಸಿತು.

1957ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಯೆನ್ಸ್ ಸ್ಕೌ ಎಂಬ ವೈದ್ಯನು ಏಡಿಯ ಕಾಲಿನ ನರಗಳನ್ನು ಅರೆದು, ಅವುಗಳ ಪೊರೆಯ ಚೂರುಗಳಲ್ಲಿ ಒಂದು ಕಿಣ್ವವನ್ನು ಕಂಡನು. ಕೋಶದ ಶಕ್ತಿಯ ನಾಣ್ಯವೆನ್ನಬಹುದಾದ ಏಟಿಪಿಯನ್ನು ಅದು ಒಡೆಯುತ್ತಿತ್ತು. ಸೋಡಿಯಂ ಪೊಟ್ಯಾಸಿಯಂಗಳೆರಡೂ ಜೊತೆಯಲ್ಲಿದ್ದಾಗ ಅತ್ಯಂತ ಚುರುಕಾಗಿರುತ್ತಿತ್ತು. ಅದೇ ವರ್ಷ ರಾಬರ್ಟ್ ಪೋಸ್ಟ್ ಮತ್ತು ಜಾಲಿ ಎಂಬುವರು ಕೆಂಪು ಕಣಗಳಲ್ಲಿ 3 ಸೋಡಿಯಂ ಹೊರಹೋಗುವಾಗ 2 ಪೊಟ್ಯಾಸಿಯಂ ಒಳಬರುತ್ತವೆಂದು ತೋರಿಸಿದರು. ಒಬ್ಬನ ಕೈಯಲ್ಲಿ ಕಿಣ್ವ, ಇನ್ನೊಬ್ಬನ ಕೈಯಲ್ಲಿ ಪಂಪು. ಎರಡೂ ಒಂದೇ ಎಂಬುದಕ್ಕೆ ಸಾಕ್ಷಿ ಬೇಕಾಗಿತ್ತು. 1958ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಭೇಟಿಯಾದಾಗ, ನಿನ್ನ ಕಿಣ್ವವನ್ನು ಔಬೇನ್ ತಡೆಯುತ್ತದೆಯೇ ಎಂದು ಪೋಸ್ಟ್ ಸ್ಕೌನನ್ನು ಕೇಳಿದನು. ಔಬೇನ್ ಎಂದರೆ ಮೇಲೆ ಹೇಳಿದ ಬಾಣದ ವಿಷವೇ. ಪರೀಕ್ಷಿಸಿ ನೋಡಿದಾಗ ತಡೆಯುತ್ತಿತ್ತು. ಪಂಪನ್ನು ನಿಲ್ಲಿಸುವ ವಿಷ ಕಿಣ್ವವನ್ನೂ ನಿಲ್ಲಿಸಿದುದರಿಂದ ಎರಡೂ ಒಂದೇ ಎಂಬ ನಿರ್ಣಯಕ್ಕೆ ಬಲ ಬಂದಿತು. ಸ್ಕೌಗೆ ಈ ಶೋಧಕ್ಕಾಗಿ ನೊಬೆಲ್ ಪಾರಿತೋಷಕ ದೊರೆತುದು ನಾಲ್ವತ್ತು ವರ್ಷಗಳ ಮೇಲೆ, 1997ರಲ್ಲಿ.

ಈಗ 3ಕ್ಕೆ 2 ಎಂಬ ಪ್ರಮಾಣವನ್ನು ಲೆಕ್ಕಕ್ಕೆ ತರೋಣ. ಪ್ರತಿಯೊಂದು ಸುತ್ತಿನಲ್ಲಿಯೂ ಒಂದು ಧನಾವೇಶ ಹೆಚ್ಚಾಗಿ ಹೊರಹೋಗುವುದರಿಂದ ಪಂಪು ತಾನೂ ಒಳಗನ್ನು ಸ್ವಲ್ಪ ಋಣಗೊಳಿಸುತ್ತದೆ. ಎಷ್ಟು? 1963ರಲ್ಲಿ ಮಲಿನ್ಸ್ ಮತ್ತು ನೋಡಾ ತೋರಿಸಿದ ಪ್ರಕಾರ, ಸೋರಿಕೆಯನ್ನು ಪಂಪು ಪೂರ್ತಿಯಾಗಿ ಸರಿದೂಗಿಸುತ್ತಿರುವ ಕೋಶದಲ್ಲಿ ಪೊಟ್ಯಾಸಿಯಂನ ಪದಗಳನ್ನು 3 ÷ 2, ಅಂದರೆ 1.5ರಿಂದ ಗುಣಿಸಿದರೆ ಸಾಕು.

ಹೊರಗು: 1.5 × 4 + 1.45 = 7.45

ಒಳಗು: 1.5 × 140 + 0.15 = 210.15

V = 61.5 × log10 (7.45 ÷ 210.15) = −89

ಪಂಪಿನ ನೇರವಾದ ಪಾಲು 2-3 ಮಿಲಿವೋಲ್ಟ್ ಮಾತ್ರ. ಉಳಿದ 87 ಸಾರತೆಗಳ ಭೇದದಿಂದ ಬಂದದ್ದು. ಸೋಡಿಯಂನ ದಾರಿ ಅಗಲವಾಗಿರುವ ಕೋಶಗಳಲ್ಲಿ ಈ ಪಾಲು ಹೆಚ್ಚಬಹುದು. ಆದರೂ ಸ್ಥಿರಸ್ಥಿತಿಯಲ್ಲಿ ಅದು ಸುಮಾರು 11 ಮಿಲಿವೋಲ್ಟ್‌ಗಳನ್ನು ಮೀರಲಾರದು, ಏಕೆಂದರೆ 61.5 × log10 (1.5) ಎಂಬುದೇ ಅದರ ಮಿತಿ. ಇಷ್ಟು ವಿಭವಕ್ಕೆ ಬೇಕಾಗುವ ಅಯಾನುಗಳೂ ಬಹಳ ಕಡಮೆ. ನೂರನೆಯ ಒಂದು ಮಿಲಿಮೀಟರ್ ತ್ರಿಜ್ಯದ ದುಂಡನೆಯ ಕೋಶದಲ್ಲಿ, ಒಳಗಿರುವ ಪೊಟ್ಯಾಸಿಯಂನಲ್ಲಿ ಸುಮಾರು 50,000ಕ್ಕೆ ಒಂದು ಅಯಾನು ಹೊರಬಿದ್ದರೆ ಅಷ್ಟೂ ಅಂತರ ಏರ್ಪಡುತ್ತದೆ. ತೊಟ್ಟಿ ದೊಡ್ಡದು, ಬಳಕೆ ಅಲ್ಪ. ವಿಷ ತಗುಲಿದ ನರ ಬಹಳ ಹೊತ್ತು ದುಡಿಯುವುದಕ್ಕೆ ಕಾರಣ ಇದೇ.

6

ಹಾಗಾದರೆ ಕಣಗಿಲೆಯ ಎಲೆ ತಿಂದ ದನ ಸಾಯುವುದೇಕೆ? ಪಂಪು ನಿಂತರೆ ಹೋಗುವುದು 2-3 ಮಿಲಿವೋಲ್ಟ್ ಮಾತ್ರವೆಂದು ನಾವೇ ಹೇಳಿದೆವು. ಉತ್ತರವಿರುವುದು ಕಾಲದಲ್ಲಿ. ಕಪಿಲೆ ನಿಂತ ಮೇಲೆ ಸೋರಿಕೆ ನಿಲ್ಲುವುದಿಲ್ಲ. ದೇಹದ ಕೋಶಗಳೆಲ್ಲವೂ ಪೊಟ್ಯಾಸಿಯಂನ್ನು ಸೋರಿಸಿ, ಮರಳಿ ಪಡೆಯಲಾರದೆ ಹೋಗುವುದರಿಂದ ಅದು ರಕ್ತದಲ್ಲಿ ಏರುತ್ತದೆ. ಒಳಗೆ ಬಹಳವಿರುವ ವಸ್ತು ಸ್ವಲ್ಪ ಹೊರಬಂದರೂ, ಹೊರಗೆ ಮೊದಲು ಇದ್ದದ್ದು 4 ಮಾತ್ರವಾದುದರಿಂದ, ಅಲ್ಲಿ ಅದು ದೊಡ್ಡ ಏರಿಕೆಯಾಗಿ ಕಾಣುತ್ತದೆ. ಹೊರಗಿನ ಪೊಟ್ಯಾಸಿಯಂ 7ಕ್ಕೆ ಏರಿತೆಂದೂ, ಹೃದಯಕೋಶದ ಒಳಗೆ ಪೊಟ್ಯಾಸಿಯಂ 120ಕ್ಕೆ ಇಳಿದು ಸೋಡಿಯಂ 35ಕ್ಕೆ ಏರಿತೆಂದೂ ಉದಾಹರಣೆಗಾಗಿ ಹಿಡಿಯೋಣ. ಪಂಪು ನಿಂತಿರುವುದರಿಂದ 1.5ರ ಗುಣಕವಿಲ್ಲದ ಹಳೆಯ ಸೂತ್ರವೇ ಸಾಕು.

ಹೊರಗು: 7 + 1.45 = 8.45

ಒಳಗು: 120 + 0.35 = 120.35

V = 61.5 × log10 (8.45 ÷ 120.35) = −71

−89ರಲ್ಲಿದ್ದ ಕೋಶ −71ಕ್ಕೆ ಬಂದಿದೆ. ಈ ಲೆಕ್ಕದಲ್ಲಿ ದೊಡ್ಡ ಪಾಲು ಹೊರಗಿನ ಪೊಟ್ಯಾಸಿಯಂನದು; ಒಳಗಿನ ಬದಲಾವಣೆಗಳನ್ನು ಬಿಟ್ಟು 4ರ ಬದಲು 7 ಎಂದು ಮಾತ್ರ ಇಟ್ಟರೂ −75 ಬರುತ್ತದೆ. ಹೃದಯದ ಬಡಿತಕ್ಕೆ ಚಾಲನೆ ಕೊಡುವ ಸೋಡಿಯಂ ಬಾಗಿಲುಗಳು, ವಿಭವ ಹೀಗೆ ಸೊನ್ನೆಯ ಕಡೆಗೆ ಸರಿದಂತೆ, ಒಂದೊಂದಾಗಿ ಅಗುಳಿ ಹಾಕಿಕೊಳ್ಳುತ್ತವೆ. ಪ್ರಚೋದನೆಯ ಅಲೆ ನಿಧಾನವಾಗಿ, ಅಲ್ಲಲ್ಲಿ ತಡೆದು ಹರಿಯುತ್ತದೆ. ಇದರ ಜೊತೆಗೆ ಇನ್ನೊಂದು ಕೇಡೂ ಇದೆ. ಸೋಡಿಯಂ ಒಳನುಗ್ಗುವ ಬಲವನ್ನು ಬಳಸಿಕೊಂಡು ಹೃದಯಕೋಶವು ಕ್ಯಾಲ್ಸಿಯಂನ್ನು ಹೊರಹಾಕುತ್ತದೆ. ಸೋಡಿಯಂನ ವಿಭವ +61ರಿಂದ +38ಕ್ಕೆ ಇಳಿದಾಗ ಆ ಬಲ ಕುಂದಿ, ಕ್ಯಾಲ್ಸಿಯಂ ಒಳಗೇ ಉಳಿಯುತ್ತದೆ. ಅದು ಸ್ವಲ್ಪ ಉಳಿದರೆ ಹೃದಯ ಬಲವಾಗಿ ಬಡಿಯುತ್ತದೆ. ಬಹಳ ಉಳಿದರೆ ಅಕಾಲದಲ್ಲಿ ಬಡಿಯುತ್ತದೆ. 1785ರಲ್ಲಿ ವಿದರಿಂಗ್ ಎಂಬ ಆಂಗ್ಲ ವೈದ್ಯನು ಡಿಜಿಟಾಲಿಸ್ ಎಲೆಯ ಬಗ್ಗೆ ಬರೆದ ಗ್ರಂಥದಲ್ಲಿ ಮದ್ದಿಗೂ ವಿಷಕ್ಕೂ ಇರುವ ಅಂತರ ಕಿರಿದೆಂದು ಕಂಡುಕೊಂಡುದರ ಕಾರಣ ಇದೇ. ಎರಡೂ ಒಂದೇ ಕೆಲಸದ ಎರಡು ಅಳತೆಗಳು.

ಈ ಲೆಕ್ಕವು ಕಾಗದದ ಮೇಲಿನ ಲೆಕ್ಕವಾಗಿ ಉಳಿಯಲಿಲ್ಲ. 1973ರಲ್ಲಿ ಪ್ಯಾರಿಸ್ಸಿನ ವೈದ್ಯರು ಡಿಜಿಟಾಲಿಸ್ ವರ್ಗದ ವಿಷವೇರಿದವರನ್ನು ಪರಿಶೀಲಿಸಿ, ಆಸ್ಪತ್ರೆಗೆ ಬಂದಾಗ ರಕ್ತದಲ್ಲಿದ್ದ ಪೊಟ್ಯಾಸಿಯಂ ಎಷ್ಟು ಹೆಚ್ಚೋ ಸಾವಿನ ಸಂಭವವೂ ಅಷ್ಟು ಹೆಚ್ಚೆಂದು ತೋರಿಸಿದರು. ಹೆಚ್ಚಿದ ಪೊಟ್ಯಾಸಿಯಂ, ದೇಹದಲ್ಲಿ ಎಷ್ಟು ಪಂಪುಗಳು ನಿಂತಿವೆಯೆಂಬುದರ ಅಳತೆಗೋಲು. 2000ದಲ್ಲಿ ಪ್ರಕಟವಾದ ಶ್ರೀಲಂಕೆಯ ಒಂದು ಪ್ರಯೋಗದಲ್ಲಿ, ವಿಷವನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯದ ತುಣುಕುಗಳನ್ನು ಹಳದಿ ಕಣಗಿಲೆಯ ವಿಷವೇರಿದ ರೋಗಿಗಳಿಗೆ ಕೊಟ್ಟಾಗ ಹೃದಯದ ತಾಳ ಸರಿಹೋಯಿತು, ಏರಿದ್ದ ಪೊಟ್ಯಾಸಿಯಂ ಇಳಿಯಿತು. ಕಪಿಲೆಯ ಗಾಲಿ ಬಿಡುಗಡೆಯಾದರೆ ತೊಟ್ಟಿ ಮತ್ತೆ ತುಂಬುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಹಳ್ಳಿಗಳಲ್ಲಿ ಇಂತಹ ವಿಷ ಯಾರ ಹೊಟ್ಟೆಗಾದರೂ ಸೇರಿದಾಗ, ಆರಂಭದಲ್ಲಿ ಅವರು ಸ್ವಸ್ಥರಾಗಿ ಕಂಡರೂ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂಬುದಕ್ಕೂ ಇದೇ ಕಾರಣ. ಸೋರಿಕೆಯ ಪರಿಣಾಮ ತಡವಾಗಿಯೇ ಕಾಣಿಸಿಕೊಳ್ಳುತ್ತದೆ.

ಈ ಲೆಕ್ಕಗಳ ಮಿತಿಯನ್ನೂ ಹೇಳಬೇಕು. ಸೂತ್ರದಲ್ಲಿ ಇರಬೇಕಾದದ್ದು ಅಯಾನುಗಳ ಕ್ರಿಯಾಶೀಲ ಅಂಶ. ನಾವು ಒಟ್ಟು ಸಾರತೆಯನ್ನೇ ಇಟ್ಟಿದ್ದೇವೆ. ಸೋಡಿಯಂನ ದಾರಿ ಸದಾ 0.01 ಎಂದು ಹಿಡಿದಿದ್ದೇವೆ. ಬಡಿಯುತ್ತಿರುವ ಹೃದಯದಲ್ಲಿ ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದುದರಿಂದ ಒಂದೆರಡು ಮಿಲಿವೋಲ್ಟ್‌ಗಳ ನಿಖರತೆಯನ್ನು ಇಲ್ಲಿ ಅಪೇಕ್ಷಿಸಬಾರದು.

ಆದರೂ ಮೊದಲು ಎತ್ತಿಕೊಂಡ ವಾಕ್ಯದ ವಿಚಾರದಲ್ಲಿ ನಿರ್ಣಯ ಸ್ಪಷ್ಟವಾಗಿದೆ. ವಿಶ್ರಾಂತ ವಿಭವವನ್ನು ಉಂಟುಮಾಡುವುದು ಸಾರತೆಗಳ ಭೇದ ಮತ್ತು ಪೊರೆಯ ಆಯ್ಕೆ. ಆ ಭೇದವನ್ನು ದಿನದಿನವೂ ಕಾಪಾಡುವುದು ಪಂಪು. ಬರ್ನ್‌ಷ್ಟೈನ್ ಕೇಳಿದ್ದು ಒಂದನ್ನು, ಓವರ್‌ಟನ್ ಕೇಳಿದ್ದು ಇನ್ನೊಂದನ್ನು. ಇಬ್ಬರ ಪ್ರಶ್ನೆಗಳೂ ಒಂದೇ ಹೊಸ್ತಿಲಿಗೆ ಬಂದು ಸೇರಲು ಐವತ್ತೈದು ವರ್ಷ ಹಿಡಿಯಿತು. ಅವನ್ನು ಕೂಡಿಸುವಲ್ಲಿ ನಮ್ಮ ಹೊಲದ ಬದುವಿನ ಗಿಡಗಳ ಬಳಗದ ವಿಷವೂ ಒಂದು ಕೈ ನೀಡಿತು.